ಭಾನುವಾರ ಎಲ್ಲರಿಗೂ ಭಾನುವಾರವೇ ಆಗಿರಲಿ

ಈ ವರ್ಷ, ಅಂದರೆ 2026ರಲ್ಲಿ, ನವೆಂಬರ್ 1 ಭಾನುವಾರ ಬಿದ್ದಿದೆ. ದಾವಣಗೆರೆಯ ನಮ್ಮ ಬಡಾವಣೆಯವರಿಗೆ ಅದು ಖುಷಿಯ ವಿಷಯ. ರಾಜ್ಯೋತ್ಸವದ ಕಾರ್ಯಕ್ರಮವನ್ನು ಮುಂದಿನ ವಾರಕ್ಕೆ ತಳ್ಳುವುದು ಬೇಡ, ಆ ದಿನವೇ ಮಾಡಬಹುದು. ಆದರೆ ಹೊರದೇಶದಲ್ಲಿರುವ ನಮ್ಮವರಿಗೆ ಕರೆ ಬರೆಯುವ ಕೆಲಸ ಯಾರ ಪಾಲಿಗೆ ಬಂದಿದೆಯೋ ಅವರಿಗೆ ಇಷ್ಟು ಫಜೀತಿಯ ತಾರೀಖು ಮತ್ತೊಂದಿಲ್ಲ. ಅದೇ ಭಾನುವಾರ ನಸುಕಿನಲ್ಲಿ ಅಮೆರಿಕದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ಆ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ.

ನಮ್ಮ ಬಡಾವಣೆಯಿಂದ ಹೊರಗೆ ಹೋದವರು ಒಂದೇ ಕಡೆ ಇದ್ದಿದ್ದರೆ ಸುಲಭವಾಗುತ್ತಿತ್ತು. ಆದರೆ ದಾವಣಗೆರೆ ಕಾಲೇಜುಗಳ ಊರು. ಜೆ.ಜೆ.ಎಂ. ಮೆಡಿಕಲ್ ಕಾಲೇಜಿನಲ್ಲಿ ಓದಿದವರು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿದ್ದಾರೆ. ಯು.ಬಿ.ಡಿ.ಟಿ., ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನವರು ನ್ಯೂಜೆರ್ಸಿ, ಡಲ್ಲಾಸ್, ಕ್ಯಾಲಿಫೋರ್ನಿಯಾ ಅಂತ ಹಂಚಿಹೋಗಿದ್ದಾರೆ. ದುಬೈ, ಸಿಂಗಪುರದಲ್ಲಿ ಮನೆಗಳಿವೆ. ಸಿಡ್ನಿಯಲ್ಲಿ ಇದ್ದಾರೆ, ಅದರಿಂದಾಚೆ ಆಕ್ಲೆಂಡ್‌ನಲ್ಲೂ ಒಂದು ಮನೆ ಇದೆ. ಇವರೆಲ್ಲ ಬರೀ ನೋಡುವವರಲ್ಲ. ಅವರ ಮಕ್ಕಳು ವಚನ ಹಾಡುತ್ತಾರೆ, ಪದ್ಯ ಹೇಳುತ್ತಾರೆ, ವಿಡಿಯೊ ಕಾಲ್‌ನಲ್ಲಿ ಬಂದು ನಮ್ಮ ಸಮುದಾಯ ಭವನದ ದೊಡ್ಡ ಪರದೆಯ ಮೇಲೆ ಕಾಣಿಸಿಕೊಳ್ಳುತ್ತಾರೆ. ಅಜ್ಜ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಮಗು ಒಂದು ಗಂಟೆ ತಡವಾಗಿ ಬಂದರೆ ಅಲ್ಲಿ ಬೇರೆ ಯಾವುದೋ ಕೋಲಾಟ ನಡೆಯುತ್ತಿರುತ್ತದೆ.

ಸಭೆಯಲ್ಲಿ ಮೊದಲು ಬಂದ ಸಲಹೆ ಎಲ್ಲರೂ ಕೊಡುವಂಥದ್ದೇ. "ಏನ್ರೀ, ಹೋದ ವರ್ಷದ ಮೆಸೇಜ್ ಇದೆಯಲ್ಲ, ತಾರೀಖು ಬದಲಿಸಿ ಕಳಿಸಿದರೆ ಆಗಲ್ವಾ?" ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದು ಗೊತ್ತಾದರೆ ಇಡೀ ವಿಷಯ ಅರ್ಧ ಮುಗಿದ ಹಾಗೆ.

ನಮ್ಮ ಗಡಿಯಾರ ವರ್ಷವಿಡೀ ಒಂದೇ. ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ, ಅಷ್ಟೇ. ಅಮೆರಿಕ, ಯೂರೋಪ್, ಆಸ್ಟ್ರೇಲಿಯಾದ ಬಹಳ ಕಡೆ ಹಾಗಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ಬೇಸಿಗೆ ಮುಗಿದ ಮೇಲೆ ಹಿಂದಕ್ಕೆ ತರುತ್ತಾರೆ. ಎಲ್ಲರೂ ಒಂದೇ ದಿನ ಮಾಡಿದರೂ ನೆನಪಿಟ್ಟುಕೊಳ್ಳಬಹುದಿತ್ತು. ಇಂಗ್ಲೆಂಡ್ ಮತ್ತು ಯೂರೋಪಿನವರು ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದಕ್ಕೆ ತರುತ್ತಾರೆ, ಈ ಸಲ ಅದು ಅಕ್ಟೋಬರ್ 25. ಅಮೆರಿಕದವರು ನವೆಂಬರ್‌ನ ಮೊದಲ ಭಾನುವಾರ. ಸಿಡ್ನಿ, ಮೆಲ್ಬರ್ನ್‌ನವರಿಗೆ ಬೇಸಿಗೆ ನಮ್ಮ ಚಳಿಗಾಲದಲ್ಲಿ ಬರುವುದರಿಂದ ಅವರು ಅಕ್ಟೋಬರ್‌ನ ಮೊದಲ ಭಾನುವಾರವೇ ಮುಂದಕ್ಕೆ ಇಟ್ಟಿರುತ್ತಾರೆ. ದುಬೈ, ಸಿಂಗಪುರದವರು ನಮ್ಮ ಹಾಗೇ, ಮುಟ್ಟುವುದೇ ಇಲ್ಲ.

ಈಗ ನವೆಂಬರ್ 1ನ್ನು ಇದರ ಮೇಲೆ ಇಟ್ಟು ನೋಡಿ. ಯೂರೋಪಿನ ಬದಲಾವಣೆ ಯಾವ ವರ್ಷವಾದರೂ ಅಷ್ಟರಲ್ಲಿ ಮುಗಿದಿರುತ್ತದೆ. ಆಸ್ಟ್ರೇಲಿಯಾದ್ದೂ ಮುಗಿದಿರುತ್ತದೆ. ಅಮೆರಿಕದ್ದು ಮಾತ್ರ ಸಾಮಾನ್ಯವಾಗಿ ಇನ್ನೂ ಆಗಿರುವುದಿಲ್ಲ. ಹೋದ ವರ್ಷ ನವೆಂಬರ್ 1 ಶನಿವಾರ ಇತ್ತು, ಅವರ ಗಡಿಯಾರ ಮರುದಿನ ಬದಲಾಯಿತು. ಹಾಗಾಗಿ ನಮ್ಮ ರಾಜ್ಯೋತ್ಸವದ ಸಂಜೆ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ ಇತ್ತು. ಈ ಸಲ ನವೆಂಬರ್ 1 ತಾನೇ ಮೊದಲ ಭಾನುವಾರ. ಅಲ್ಲಿ ರಾತ್ರಿ 2 ಗಂಟೆಗೆ ಗಡಿಯಾರ 1ಕ್ಕೆ ಇಳಿಯುತ್ತದೆ. ಆಗ ದಾವಣಗೆರೆಯಲ್ಲಿ ಬೆಳಿಗ್ಗೆ ಹನ್ನೊಂದೂವರೆ. ಅಂದರೆ ನಮ್ಮ ಸಂಜೆ ಹೊತ್ತಿಗೆ ನ್ಯೂಜೆರ್ಸಿ ಹತ್ತೂವರೆ ಗಂಟೆ ಹಿಂದೆ ಹೋಗಿರುತ್ತದೆ. ಹೋದ ವರ್ಷದ ಪಟ್ಟಿಯಲ್ಲಿ ಲಂಡನ್ ಸರಿ ಇರುತ್ತದೆ, ಸಿಡ್ನಿ ಸರಿ ಇರುತ್ತದೆ, ದುಬೈ ಸರಿ ಇರುತ್ತದೆ. ಅಮೆರಿಕದ ಸಾಲುಗಳು ಮಾತ್ರ ತಪ್ಪು. ಪೂರ್ತಿ ತಪ್ಪಾದ ಪಟ್ಟಿಯನ್ನು ಯಾರಾದರೂ ಹಿಡಿದುಬಿಡುತ್ತಾರೆ. ಇಂಥ ಅರೆ ತಪ್ಪನ್ನು ಹಿಡಿಯುವುದು ಕಷ್ಟ.

ಇದು ಅಪರೂಪದ ಕೂಟ. ಹಿಂದೆ 2015ರಲ್ಲಿ, 2020ರಲ್ಲಿ ಹೀಗಾಗಿತ್ತು. ಈ ಪದ್ಧತಿ ಹೀಗೇ ಉಳಿದರೆ ಮುಂದಿನದು 2037ಕ್ಕೆ. ಆದರೆ ರಾಜ್ಯೋತ್ಸವವನ್ನು ನವೆಂಬರ್ ತಿಂಗಳಿಡೀ ಮಾಡುವುದು ನಮ್ಮಲ್ಲಿ ರೂಢಿ. ಮೊದಲ ಭಾನುವಾರ ಕಳೆದ ಮೇಲೆ ಯಾರು ಕಾರ್ಯಕ್ರಮ ಇಟ್ಟುಕೊಂಡರೂ ನ್ಯೂಜೆರ್ಸಿಗೆ ಈ ಹತ್ತೂವರೆಯ ಲೆಕ್ಕವೇ.

ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಆ ದಿನ ನಮ್ಮ ಕಾರ್ಯಕ್ರಮವನ್ನು ಬೆಳಿಗ್ಗೆ 11ರಿಂದ 12ರವರೆಗೆ ಇಟ್ಟುಕೊಂಡೆವು ಅನ್ನಿ. ನ್ಯೂಜೆರ್ಸಿಯ ಗಡಿಯಾರದಲ್ಲಿ ಅದು ರಾತ್ರಿ ಒಂದೂವರೆಗೆ ಶುರುವಾಗಿ ರಾತ್ರಿ ಒಂದೂವರೆಗೇ ಮುಗಿಯುತ್ತದೆ. ಇಷ್ಟು ಚುಟುಕಾದ ರಾಜ್ಯೋತ್ಸವ ನಮ್ಮ ಮುಖ್ಯ ಅತಿಥಿಗಳಿಂದ ಸಾಧ್ಯವಿಲ್ಲ ಬಿಡಿ.

ಹೊತ್ತು ಆರಿಸುವ ವಿಷಯಕ್ಕೆ ಬರೋಣ. ಮೆಸೇಜ್ ಹೇಗೆ ಬರೆಯಬೇಕು ಅಂತ ಜನ ಕೇಳುತ್ತಾರೆ. ನನ್ನ ಪ್ರಕಾರ ಮೆಸೇಜ್ ಗೋಜಲಾಗುವುದು ಬರೆಯುವಾಗ ಅಲ್ಲ, ಹೊತ್ತು ಗೊತ್ತುಮಾಡುವಾಗ.

ಮೊದಲ ಆಲೋಚನೆ ಬೆಳಗಿನದು. ಬೆಳಿಗ್ಗೆ 8ಕ್ಕೆ ಧ್ವಜ ಏರಿಸುತ್ತೇವೆ, ಅದರ ಜೊತೆಗೇ ಮುಗಿಸೋಣ ಅಂದರು ಮೇಷ್ಟ್ರು. ಆಗ ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ ಹತ್ತೂವರೆ, ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಸಂಜೆ ಏಳೂವರೆ. ಎಚ್ಚರವಾಗಿರುವ ಹೊತ್ತೇ. ಆದರೆ ಅದು ಅಕ್ಟೋಬರ್ 31, ಅಲ್ಲಿನ ಹ್ಯಾಲೊವೀನ್. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಕೇಳಲು ಹೋಗುವ ಸಂಜೆ. ಆ ಹೊತ್ತಿಗೆ ಅವರನ್ನು ಕೂರಿಸಿ ವಚನ ಹಾಡಿಸುವುದು ತಾಯಂದಿರಿಗೂ ಕಷ್ಟ, ವಚನಕ್ಕೂ ಕಷ್ಟ. ಇಂಗ್ಲೆಂಡಿನಲ್ಲಿ ಆಗ ರಾತ್ರಿ ಎರಡೂವರೆ. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ. ಒಂದೇ ಮೆಸೇಜ್‌ನಲ್ಲಿ ಕೆಲವರಿಗೆ ಶನಿವಾರ, ಕೆಲವರಿಗೆ ಭಾನುವಾರ ಅಂತ ಬರೆಯಬೇಕು. ರಾಜ್ಯೋತ್ಸವ ನವೆಂಬರ್ 1 ಅಂತ ತಲೆಯಲ್ಲಿ ಕೂತಿರುವವರು ಪಕ್ಕದಲ್ಲಿ ಅಕ್ಟೋಬರ್ 31 ಅಂತ ಕಂಡರೂ ಓದುವುದಿಲ್ಲ. ಕಣ್ಣು ದಾಟಿ ಹೋಗುತ್ತದೆ.

ಎರಡನೆಯ ಆಲೋಚನೆ ಸಂಜೆ ಆರೂವರೆ. ನಮ್ಮಲ್ಲಿ ಎಲ್ಲ ಕಾರ್ಯಕ್ರಮಗಳೂ ಆರೂವರೆಗೇ. ಆಗ ಸಿಡ್ನಿಯಲ್ಲಿ ಸರಿಯಾಗಿ ನಡುರಾತ್ರಿ 12. ಇದೇ ಅತಿ ಕೆಟ್ಟ ಹೊತ್ತು. ನಿದ್ದೆ ಹಾಳಾಗುತ್ತದೆ ಅನ್ನುವುದು ಒಂದು ಮಾತು. ಅದಕ್ಕಿಂತ ಮುಖ್ಯ, ಅದನ್ನು ಬರೆಯಲು ಬರುವುದಿಲ್ಲ. 'ಭಾನುವಾರ ರಾತ್ರಿ 12' ಅಂದರೆ ಯಾವುದು? ನಮ್ಮ ಪಂಚಾಂಗದ ಲೆಕ್ಕದಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ. ಮಾತಿನಲ್ಲೂ ನಾವು ಹಾಗೇ. ಶನಿವಾರ ರಾತ್ರಿ ಒಂದು ಗಂಟೆಗೆ ಬಸ್ ಇಳಿದೆ ಅಂದರೆ ಶನಿವಾರ ಮಲಗದೆ ಕಳೆದ ರಾತ್ರಿ ಅಂತ ಅರ್ಥ, ಕ್ಯಾಲೆಂಡರ್ ಭಾನುವಾರ ಅಂದರೂ ಸರಿಯೇ. ಆದರೆ ಸಿಡ್ನಿಯಲ್ಲಿ ಹುಟ್ಟಿ ಬೆಳೆದ ಮೊಮ್ಮಗ ಫೋನಿನಲ್ಲಿ ಅಲಾರಂ ಇಡುವಾಗ ಭಾನುವಾರದ 12 ಅಂತ ಇಟ್ಟರೆ ಅದು ಶನಿವಾರ ಮಲಗಿದ ರಾತ್ರಿಯೇ ಹೊಡೆದುಬಿಡುತ್ತದೆ, ಪೂರಾ ಒಂದು ದಿನ ಮೊದಲು. ಅಜ್ಜಿ ಹೇಳಿದ್ದೂ ಸರಿ, ಮೊಮ್ಮಗ ಇಟ್ಟದ್ದೂ ಸರಿ. ಇಬ್ಬರೂ ಸೇರುವುದಿಲ್ಲ ಅಷ್ಟೇ. ಹಾಗಾಗಿ ಯಾರಿಗಾದರೂ ನಡುರಾತ್ರಿ 12 ಬೀಳುತ್ತದೆ ಅಂದರೆ ಆ ಹೊತ್ತನ್ನೇ ಬಿಟ್ಟುಬಿಡುವುದು ಒಳ್ಳೆಯದು. ಬಿಡಲು ಆಗದಿದ್ದರೆ 11:55 ಅಂತ ಬರೆಯಬೇಕು. ಐದು ನಿಮಿಷ ಕಾದರೆ ಯಾರಿಗೂ ನಷ್ಟವಿಲ್ಲ, ವಾರವಂತೂ ಸ್ಪಷ್ಟವಾಗುತ್ತದೆ.

ನಾನು ಕೇಳಿದ್ದು ಸಂಜೆ ಐದೂವರೆ. ಅದಕ್ಕೊಂದು ಕಾರಣ ಇದೆ. ನಮ್ಮ ಐದೂವರೆಗೆ ಗ್ರೀನಿಚ್‌ನಲ್ಲಿ ಮಧ್ಯಾಹ್ನ 12. ಆಗ ಅಲ್ಲಿಂದ ಪಶ್ಚಿಮಕ್ಕೆ ಎಷ್ಟು ದೂರ ಹೋದರೂ ದಿನ ಹಿಂದಕ್ಕೆ ಜಾರುವುದಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ನಸುಕಿನ 4 ಗಂಟೆಯಾದರೂ ವಾರ ಭಾನುವಾರವೇ. ಪೂರ್ವಕ್ಕೆ ಹೋದರೆ ಸಿಡ್ನಿಯಲ್ಲಿ ರಾತ್ರಿ 11, ಅದೂ ಭಾನುವಾರವೇ. ನ್ಯೂಜಿಲೆಂಡ್ ಒಂದು ಬಿಟ್ಟರೆ ನಮ್ಮ ಪಟ್ಟಿಯಲ್ಲಿರುವ ಅಷ್ಟೂ ಊರುಗಳಲ್ಲಿ ನವೆಂಬರ್ 1, ಭಾನುವಾರ. ವಾರವನ್ನು ಒಂದೇ ಸಲ, ಎಲ್ಲರಿಗೂ ಸೇರಿಸಿ, ಮೇಲ್ಗಡೆ ಬರೆದರೆ ಸಾಕು. ಕೆಳಗೆ ಗಂಟೆ ಮಾತ್ರ ಬದಲಾಗುತ್ತದೆ. ಒಬ್ಬ ಮನುಷ್ಯ ತನ್ನ ಊರಿನ ಸಾಲು ಹುಡುಕಿ ಒಂದು ಅಂಕಿ ಓದಿಕೊಂಡರೆ ಆಯಿತು. ಎರಡು ಸಂಗತಿ ನೆನಪಿಡುವ ಕೆಲಸ ಇಲ್ಲ.

ಆದರೆ ಐದೂವರೆ ಅಂದಾಗ ಊರಿನವರು ಒಪ್ಪಲಿಲ್ಲ. ಅವರ ಮಾತೂ ನ್ಯಾಯವೇ. ನವೆಂಬರ್‌ನಲ್ಲಿ ಇಲ್ಲಿ ಆರು ಗಂಟೆ ಸುಮಾರಿಗೆ ಹೊತ್ತು ಮುಳುಗುತ್ತದೆ. ಮನೆಯಲ್ಲಿ ದೀಪ ಹಚ್ಚಿಯೇ ಹೊರಡುವವರು ಜಾಸ್ತಿ. "ಐದೂವರೆಗೆ ಖಾಲಿ ಕುರ್ಚಿಗೆ ಹಾಡಿಸ್ತೀರಾ?" ಅಂದರು ಪಕ್ಕದ ಮನೆ ಅಕ್ಕ. ಅಲ್ಲದೆ ನಮ್ಮಲ್ಲಿ ಐದೂವರೆ ಅಂದರೆ ಆರೂಕಾಲು ಅಂತ ಎಲ್ಲರಿಗೂ ಗೊತ್ತು. ಊರೊಳಗೆ ಈ ತಡ ಯಾರಿಗೂ ತೊಂದರೆಯಲ್ಲ, ಯಾಕೆಂದರೆ ಎಲ್ಲರೂ ಒಂದೇ ಅಳತೆಯಲ್ಲಿ ತಡ ಮಾಡುತ್ತಾರೆ. ಸಿಡ್ನಿಯವರಿಗೆ ಆ ಮುಕ್ಕಾಲು ಗಂಟೆ ಅಂದರೆ ಹನ್ನೊಂದು ಹೋಗಿ ಹನ್ನೊಂದೂಮುಕ್ಕಾಲು. ಮರುದಿನ ಸೋಮವಾರ, ಮಗುವಿಗೆ ಶಾಲೆ. ಅಷ್ಟು ಹೊತ್ತು ಕಾದ ಮಗು ಪರದೆಯ ಮೇಲೆ ಬರುವುದು ನಿದ್ದೆಗಣ್ಣಿನಲ್ಲೇ.

ಕೊನೆಗೆ ದಾರಿ ಸಿಕ್ಕಿದ್ದು ಕಾರ್ಯಕ್ರಮದ ಕ್ರಮವನ್ನೇ ಬದಲಿಸಿದ್ದರಿಂದ. ಮಾಮೂಲಿ ಕ್ರಮ ಹೀಗಿರುತ್ತದೆ: ಪ್ರಾರ್ಥನೆ, ಸ್ವಾಗತ ಭಾಷಣ, ಶಾಲು ಹಾರ, ಮುಖ್ಯ ಅತಿಥಿಗಳ ಮಾತು, ಆಮೇಲೆ ಮಕ್ಕಳು. ನಾವು ಅದನ್ನು ಪೂರ್ವದಿಂದ ಪಶ್ಚಿಮಕ್ಕೆ ಜೋಡಿಸಿದೆವು. ಐದೂವರೆಗೆ ನಾಡಗೀತೆ ಆದ ತಕ್ಷಣ ಸಿಡ್ನಿ, ಬ್ರಿಸ್ಬೇನ್, ಸಿಂಗಪುರದ ಮಕ್ಕಳು. ಆರು ಗಂಟೆಗೆ ಅವರು ಫೋನ್ ಇಟ್ಟು ಮಲಗಬಹುದು. ಅವರ ಅಜ್ಜ ಅಜ್ಜಿಯರಿಗೆ ಮಾತ್ರ ಐದೂಕಾಲಿಗೇ ಬಂದು ಕೂರಲು ಹೇಳಿದ್ದೇವೆ. ಅವರು ಹೇಗೂ ಬಂದೇ ಬರುತ್ತಾರೆ, ಖಾಲಿ ಕುರ್ಚಿಯ ಪ್ರಶ್ನೆ ಇಲ್ಲ. ಆರೂವರೆಗೆ ಊರಿನವರು ಸೇರಿದ ಮೇಲೆ ಸ್ವಾಗತ, ಅತಿಥಿಗಳು, ಊರಿನ ಕೋಲಾಟ. ನಡುವೆ ದುಬೈ, ಯೂರೋಪ್, ಇಂಗ್ಲೆಂಡಿನವರು. ಅವರಿಗೆ ಮಧ್ಯಾಹ್ನವೋ ಸಂಜೆಯೋ ಆಗಿರುತ್ತದೆ, ಯಾವಾಗ ಕರೆದರೂ ಬರುತ್ತಾರೆ. ಏಳೂವರೆಗೆ ನ್ಯೂಜೆರ್ಸಿ, ಟೊರಾಂಟೊ, ಡಲ್ಲಾಸ್. ಎಂಟಕ್ಕೆ ಕ್ಯಾಲಿಫೋರ್ನಿಯಾ, ಅವರಿಗೆ ಆಗ ಬೆಳಿಗ್ಗೆ ಆರೂವರೆ. ಎಂಟೂವರೆಗೆ ಮಂಗಳ, ಆಮೇಲೆ ಮಂಡಕ್ಕಿ ಮೆಣಸಿನಕಾಯಿ. ಅತಿಥಿಗಳು ತಡವಾಗಿ ಬಂದರೂ ಸಿಡ್ನಿಯ ಮಗುವಿಗೆ ಏನೂ ಆಗುವುದಿಲ್ಲ. ಭಾಷಣ ಉದ್ದವಾದರೆ ಕ್ಯಾಲಿಫೋರ್ನಿಯಾದವರು ಇನ್ನೊಂದು ಲೋಟ ಕಾಫಿ ಕುಡಿಯುತ್ತಾರೆ. ತಡವಾದರೆ ಅದನ್ನು ತಡೆದುಕೊಳ್ಳುವ ಶಕ್ತಿ ಇರುವುದು ಬೆಳಗಾಗುತ್ತಿರುವವರಿಗೇ ಹೊರತು ರಾತ್ರಿಯಾಗುತ್ತಿರುವವರಿಗೆ ಅಲ್ಲ.

ಪಟ್ಟಿ ಮಾಡಲು ಕೂತಾಗ ಫೋನಿನ ವಿಶ್ವ ಗಡಿಯಾರ ನೋಡಬೇಡಿ. ಅದು ತೋರಿಸುವುದು ಇವತ್ತಿನ ವ್ಯತ್ಯಾಸ, ನವೆಂಬರ್ 1ರದ್ದಲ್ಲ. ಅಕ್ಟೋಬರ್ ಮಧ್ಯದಲ್ಲಿ ನೋಡಿದರೆ ನಮ್ಮ ಐದೂವರೆಗೆ ಲಂಡನ್ 1 ಗಂಟೆ ಅನ್ನುತ್ತದೆ, ನ್ಯೂಜೆರ್ಸಿ ಬೆಳಿಗ್ಗೆ 8 ಅನ್ನುತ್ತದೆ. ಎರಡೂ ಆ ದಿನಕ್ಕೆ ತಪ್ಪು. ಸೆಪ್ಟೆಂಬರ್‌ನಲ್ಲಿ ನೋಡಿದರೆ ಸಿಡ್ನಿಯೂ ತಪ್ಪು. ತಾರೀಖು ಕೊಟ್ಟು ಕೇಳುವ ಕಡೆ ಕೇಳಬೇಕು. timeanddate.com ನಲ್ಲಿ ದಿನ, ಊರು ಎರಡನ್ನೂ ಕೊಟ್ಟು ನೋಡಬಹುದು. ಗೂಗಲ್ ಕ್ಯಾಲೆಂಡರ್‌ನಲ್ಲೂ ಆಗುತ್ತದೆ, ಅದೇ ತಾರೀಖಿಗೆ ಕಾರ್ಯಕ್ರಮ ನಮೂದಿಸಿ, ಕಾರ್ಯಕ್ರಮದ್ದಲ್ಲ, ಸೆಟ್ಟಿಂಗ್ಸ್‌ನಲ್ಲಿರುವ ಕ್ಯಾಲೆಂಡರಿನ ಸಮಯವಲಯವನ್ನು ಒಂದೊಂದೇ ಊರಿಗೆ ಬದಲಿಸಿ ನೋಡಬೇಕು. ಅಲ್ಲಿ ನಮ್ಮ ಸಮಯ Kolkata ಹೆಸರಿನಲ್ಲಿ ಇರುತ್ತದೆ, ಬೆಂಗಳೂರು ಅಂತ ಹುಡುಕುತ್ತಾ ಕೂರಬೇಡಿ.

ಬಂದ ಅಂಕಿಗಳನ್ನು ಕೈಲೆಕ್ಕದಲ್ಲಿ ಒಂದು ಸಲ ತಿರುಗಿಸಿ ನೋಡುತ್ತೇನೆ. ಆ ಊರಿನ ಗಂಟೆಗೆ ವ್ಯತ್ಯಾಸ ಕೂಡಿಸಿದರೆ ಸಂಜೆ ಐದೂವರೆ, ಅಂದರೆ 17:30 ಬರಬೇಕು. ನ್ಯೂಜೆರ್ಸಿಯ 7ಕ್ಕೆ ಹತ್ತೂವರೆ ಕೂಡಿಸಿ, 17:30. ಕ್ಯಾಲಿಫೋರ್ನಿಯಾದ 4ಕ್ಕೆ ಹದಿಮೂರೂವರೆ, 17:30. ಸಿಡ್ನಿ ನಮಗಿಂತ ಐದೂವರೆ ಗಂಟೆ ಮುಂದೆ, ಹಾಗಾಗಿ 23ರಲ್ಲಿ ಐದೂವರೆ ಕಳೆಯಿರಿ, ಅದೇ 17:30. ಲಂಡನ್ನಿಗೆ ಹಳೆಯ ಉಪಾಯ ಒಂದಿದೆ. ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗು ಮಾಡಿ ನೋಡಿದರೆ ಅಲ್ಲಿನ ಸಮಯ ಕಾಣುತ್ತದೆ. ನಮ್ಮ ಆರು ಗಂಟೆ ಅಲ್ಲಿ ಹನ್ನೆರಡೂವರೆ. ಚಳಿಗಾಲದಲ್ಲಿ ಮಾತ್ರ ಇದು ನಡೆಯುತ್ತದೆ, ಬೇಸಿಗೆಯಲ್ಲಿ ಒಂದು ಗಂಟೆ ಹೆಚ್ಚಿಗೆ ಸೇರಿಸಬೇಕು.

ಅಮೆರಿಕ, ಆಸ್ಟ್ರೇಲಿಯಾ ಅಂತ ದೇಶದ ಹೆಸರು ಬರೆದು ಮುಂದೆ ಒಂದು ಗಂಟೆ ಹಾಕುವ ಹಾಗಿಲ್ಲ. ಸಿಡ್ನಿ ಗಡಿಯಾರ ಬದಲಿಸುತ್ತದೆ, ಅದೇ ದೇಶದ ಬ್ರಿಸ್ಬೇನ್ ಬದಲಿಸುವುದಿಲ್ಲ. ಕ್ಯಾಲಿಫೋರ್ನಿಯಾ ಬದಲಿಸುತ್ತದೆ, ಪಕ್ಕದ ಅರಿಜೋನಾದ ಫೀನಿಕ್ಸ್ ಬದಲಿಸುವುದಿಲ್ಲ. ಊರಿನ ಹೆಸರೇ ಬೇಕು. ಮೂರಕ್ಷರದ ಸಂಕೇತಗಳೂ ಬೇಡ. ನಾವು ಐಎಸ್‌ಟಿ ಅಂದರೆ ಭಾರತ ಅಂದುಕೊಳ್ಳುತ್ತೇವೆ. ಅದೇ ಮೂರಕ್ಷರ ಇಸ್ರೇಲಿಗೂ ಇದೆ, ಐರ್ಲೆಂಡಿಗೂ ಇದೆ. ಅಮೆರಿಕದ ಪೂರ್ವ ತೀರದವರಂತೂ ಬೇಸಿಗೆಯಲ್ಲೂ ಇಎಸ್‌ಟಿ ಅಂತಲೇ ಹೇಳಿಕೊಂಡು ಓಡಾಡುತ್ತಾರೆ. ಅದನ್ನು ನಂಬಿ ಲೆಕ್ಕ ಹಾಕಿದರೆ ಒಂದು ಗಂಟೆ ಹೋಯಿತು. 'ದಾವಣಗೆರೆಯಲ್ಲಿ ಸಂಜೆ 5:30' ಅಂದರೆ ಎರಡು ಅರ್ಥ ಬರಲು ಸಾಧ್ಯವೇ ಇಲ್ಲ.

ತಾರೀಖಿನಲ್ಲಿ ಇನ್ನೊಂದು ಗುಂಡಿ ಇದೆ. 1/11 ಅಂತ ಬರೆದರೆ ನಮಗೆ ನವೆಂಬರ್ 1. ಅಮೆರಿಕದಲ್ಲಿ ತಿಂಗಳು ಮೊದಲು, ಹಾಗಾಗಿ ಅದು ಜನವರಿ 11. ದೊಡ್ಡವರಿಗೆ ರಾಜ್ಯೋತ್ಸವ ಯಾವಾಗ ಅಂತ ಗೊತ್ತು, ತಪ್ಪುವುದಿಲ್ಲ. ಆದರೆ ಮೆಸೇಜ್ ನೋಡಿ ಕ್ಯಾಲೆಂಡರ್‌ಗೆ ಹಾಕುವವರು ಬಹಳ ಸಲ ಮಕ್ಕಳೇ. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಎರಡು ಸೆಕೆಂಡ್ ಹೆಚ್ಚು ಖರ್ಚು, ಅಷ್ಟೇ.

ಇಷ್ಟೆಲ್ಲ ಆದ ಮೇಲೆ ಉಳಿದ ಮೆಸೇಜ್ ಇದು:

> ಆತ್ಮೀಯರೇ, ನಮ್ಮ ಬಡಾವಣೆಯ ರಾಜ್ಯೋತ್ಸವ 2026ರ ನವೆಂಬರ್ 1, ಭಾನುವಾರ. ಎಲ್ಲರೂ ಮನೆಮಂದಿ ಸಮೇತ ಬನ್ನಿ.
>
> ದಾವಣಗೆರೆಯಲ್ಲಿ ಸಂಜೆ 5:30ಕ್ಕೆ ಸರಿಯಾಗಿ ಶುರು, ರಾತ್ರಿ 8:30ಕ್ಕೆ ಮುಕ್ತಾಯ. ಕೆಳಗಿರುವುದು ನಿಮ್ಮ ಊರಿನ ಗಡಿಯಾರದ ಸಮಯ. ಏನನ್ನೂ ಕೂಡಿ ಕಳೆಯಬೇಡಿ.
>
> ಸಿಡ್ನಿ, ಮೆಲ್ಬರ್ನ್: ರಾತ್ರಿ 11:00
> ಬ್ರಿಸ್ಬೇನ್: ರಾತ್ರಿ 10:00
> ಸಿಂಗಪುರ: ರಾತ್ರಿ 8:00
> ದುಬೈ, ಮಸ್ಕತ್: ಸಂಜೆ 4:00
> ದೋಹಾ, ಕುವೈತ್: ಮಧ್ಯಾಹ್ನ 3:00
> ಫ್ರಾಂಕ್‌ಫರ್ಟ್: ಮಧ್ಯಾಹ್ನ 1:00
> ಲಂಡನ್: ಮಧ್ಯಾಹ್ನ 12:00
> ನ್ಯೂಜೆರ್ಸಿ, ಟೊರಾಂಟೊ: ಬೆಳಿಗ್ಗೆ 7:00 (ನಿಮ್ಮ ಮಕ್ಕಳ ಸರದಿ 9:00ಕ್ಕೆ)
> ಡಲ್ಲಾಸ್: ಬೆಳಿಗ್ಗೆ 6:00 (ನಿಮ್ಮ ಮಕ್ಕಳ ಸರದಿ 8:00ಕ್ಕೆ)
> ಕ್ಯಾಲಿಫೋರ್ನಿಯಾ: ನಸುಕಿನ 4:00 (ನಿಮ್ಮ ಮಕ್ಕಳ ಸರದಿ 6:30ಕ್ಕೆ, ಆಗ ಬಂದರೂ ಸಾಕು)
> ಆಕ್ಲೆಂಡ್: ಭಾನುವಾರ ಮಲಗಿದ ಮೇಲೆ, ನವೆಂಬರ್ 2 ಸೋಮವಾರ ನಸುಕಿನ 1:00
>
> ಅಮೆರಿಕ, ಕೆನಡಾದವರ ಗಮನಕ್ಕೆ: ಹಿಂದಿನ ರಾತ್ರಿ ನಿಮ್ಮಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮೇಲೆ ಬರೆದದ್ದು ಹಿಂದಕ್ಕೆ ಹೋದ ಮೇಲಿನ ಸಮಯ. ಫೋನ್ ನೋಡಿಕೊಳ್ಳಿ, ಗೋಡೆ ಗಡಿಯಾರ ನೋಡಬೇಡಿ.

ಗೋಡೆ ಗಡಿಯಾರದ ಮಾತು ಸುಮ್ನೆ ಸೇರಿಸಿದ್ದಲ್ಲ. ಫೋನು, ಕಂಪ್ಯೂಟರ್ ತಾವಾಗಿಯೇ ಬದಲಾಗುತ್ತವೆ. ಅಡುಗೆಮನೆಯ ಗಡಿಯಾರವನ್ನು ಯಾರಾದರೂ ಸ್ಟೂಲ್ ಹತ್ತಿ ಬದಲಿಸಬೇಕು, ಅದು ಬೆಳಿಗ್ಗೆ ಏಳಕ್ಕೆ ಮುಂಚೆ ಯಾವ ಮನೆಯಲ್ಲೂ ಆಗುವುದಿಲ್ಲ. ಒಂದು ಸಮಾಧಾನ ಇದೆ. ಹಳೆಯ ಗಡಿಯಾರ ನಂಬಿದವರು ಬರುವುದು ಒಂದು ಗಂಟೆ ಮೊದಲು, ತಡವಾಗಿ ಅಲ್ಲ. ಹೋದ ವರ್ಷದ ಪಟ್ಟಿ ನಂಬಿದವರು ಮಾತ್ರ ತಡವಾಗಿ ಬರುತ್ತಾರೆ. ಅದಕ್ಕೇ ಮೊದಲ ಸಾಲಿನಲ್ಲಿ ವರ್ಷವನ್ನೂ ಹಾಕಿದ್ದೇನೆ. ಹೋದ ವರ್ಷದ ಮೆಸೇಜ್ ಇನ್ನೂ ಗ್ರೂಪಿನಲ್ಲಿ ಇದೆ, ಹುಡುಕಿದರೆ ಅದೂ ಸಿಗುತ್ತದೆ.

ಆಕ್ಲೆಂಡ್ ಸಾಲು ಉದ್ದವಾಯಿತು, ನೋಡಲು ಚೆಂದವಿಲ್ಲ ಅಂದ ಪೋಸ್ಟರ್ ಮಾಡುವ ಹುಡುಗ. ಬರೀ 'ಸೋಮವಾರ ನಸುಕಿನ 1:00' ಅಂತ ಹಾಕಿದರೆ ಅಜ್ಜಿ ಫೋನಿನಲ್ಲಿ "ಸೋಮವಾರ ರಾತ್ರಿ ಒಂದು ಗಂಟೆಗಂತೆ" ಅಂತ ಹೇಳುತ್ತಾರೆ. ಅವರ ಲೆಕ್ಕದ ಸೋಮವಾರ ರಾತ್ರಿ ಬರುವಷ್ಟರಲ್ಲಿ ಇಲ್ಲಿ ಕುರ್ಚಿ ಎತ್ತಿ ಒಂದು ದಿನವಾಗಿರುತ್ತದೆ. 'ಭಾನುವಾರ ಮಲಗಿದ ಮೇಲೆ' ಅನ್ನುವ ಎರಡು ಮಾತು ಆ ಒಂದೇ ಮನೆಗಾಗಿ. ಆ ಮನೆಯವರು ರಾತ್ರಿ ಒಂದಕ್ಕೆ ಎದ್ದು ಬರುತ್ತಾರೆ ಅಂತ ನನಗೂ ನಂಬಿಕೆ ಇಲ್ಲ. ಮಗಳ ಹಾಡನ್ನು ಮೊದಲೇ ರೆಕಾರ್ಡ್ ಮಾಡಿ ಕಳಿಸಿ ಅಂತ ಬೇರೆಯಾಗಿ ಕೇಳಿದ್ದೇವೆ. ಹಾಗಂತ ಪಟ್ಟಿಯಿಂದ ಊರಿನ ಹೆಸರು ತೆಗೆಯಲು ಮನಸ್ಸು ಬರಲಿಲ್ಲ. ಕರೆ ಅಂದರೆ ಎಲ್ಲರ ಹೆಸರೂ ಇರಬೇಕು, ಬರುವುದು ಬಿಡುವುದು ಅವರ ಅನುಕೂಲ.

ಪೋಸ್ಟರ್ ಅಂದೆನಲ್ಲ, ಅದರಲ್ಲಿ ಭುವನೇಶ್ವರಿಯ ಚಿತ್ರ, ಹಳದಿ ಕೆಂಪು, ಅತಿಥಿಗಳ ಫೋಟೊ ಎಲ್ಲ ಇರಲಿ. ಊರುಗಳ ಪಟ್ಟಿ ಅದರಲ್ಲಿ ಬೇಡ, ಅಕ್ಷರದಲ್ಲೇ ಹೋಗಲಿ. ಪಟ್ಟಿಯನ್ನು ಚಿತ್ರದೊಳಗೆ ಹಾಕಿದರೆ ಚಿಕ್ಕ ಅಕ್ಷರವಾಗಿ ವಯಸ್ಸಾದವರಿಗೆ ಕಾಣುವುದಿಲ್ಲ, ಯಾರೂ ತಮ್ಮ ಸಾಲನ್ನು ನಕಲು ಮಾಡಿಕೊಳ್ಳಲು ಆಗುವುದಿಲ್ಲ. ಆದರೆ ಪೋಸ್ಟರ್ ಒಂಟಿಯಾಗಿ ಫಾರ್ವರ್ಡ್ ಆಗುತ್ತದೆ ಅನ್ನುವುದೂ ನಿಜ. ಅದಕ್ಕಾಗಿ ಪೋಸ್ಟರ್‌ನಲ್ಲಿ ಸಮಯ ಬರೆದ ಕಡೆ 'ಸಂಜೆ 5:30' ಅಂತ ಬಿಡದೆ 'ದಾವಣಗೆರೆಯಲ್ಲಿ ಸಂಜೆ 5:30' ಅಂತ ಹಾಕಿಸಿದೆ. ಆ ಒಂದು ಪದ ಇಲ್ಲದಿದ್ದರೆ ಡಲ್ಲಾಸ್‌ನವರು ತಮ್ಮ ಸಂಜೆ ಐದೂವರೆಗೆ ಆರಾಮಾಗಿ ಸ್ನಾನ ಮಾಡಿ ಬಂದು ಕೂರುತ್ತಾರೆ.

ನೆನಪಿಸುವ ಮೆಸೇಜ್ ಇನ್ನೊಂದು ಉಳಿದಿದೆ. ಹಿಂದಿನ ದಿನ ಕಳಿಸುವುದು. ಅದರಲ್ಲಿ 'ನಾಳೆ' ಅನ್ನಬಾರದು. ಶನಿವಾರ ರಾತ್ರಿ 8ಕ್ಕೆ ಇಲ್ಲಿಂದ ಕಳಿಸಿದರೆ ಸಿಡ್ನಿಯಲ್ಲಿ ಆಗಲೇ ಭಾನುವಾರವಾಗಿರುತ್ತದೆ, ಅವರ ನಾಳೆ ಸೋಮವಾರ. ಹಾಗಾದರೆ ಶನಿವಾರ ಸಂಜೆ ಐದೂವರೆಗೆ ಸರಿಯಾಗಿ 'ಇನ್ನು 24 ಗಂಟೆ' ಅಂತ ಕಳಿಸೋಣ, ಅದಕ್ಕೆ ಯಾವ ಊರಿನ ಗಡಿಯಾರವೂ ಬೇಡ ಅಂದರು ಮೇಷ್ಟ್ರು. ಕೇಳಲು ಬಹಳ ಚೆನ್ನಾಗಿತ್ತು. ಬೇರೆ ವರ್ಷವಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ನ್ಯೂಜೆರ್ಸಿಗೆ ಆ ಮೆಸೇಜ್ ತಲುಪುವಾಗ ಅಲ್ಲಿ ಶನಿವಾರ ಬೆಳಿಗ್ಗೆ 8. ಇಪ್ಪತ್ನಾಲ್ಕು ಗಂಟೆ ಅಂದರೆ ನಾಳೆ ಬೆಳಿಗ್ಗೆ 8 ಅಂತಲೇ ಯಾರಾದರೂ ಓದುತ್ತಾರೆ. ನಡುವೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ ನಿಜವಾದ ಇಪ್ಪತ್ನಾಲ್ಕು ಗಂಟೆ ಮುಗಿಯುವುದು 7ಕ್ಕೆ. ಸಿಡ್ನಿಯವರಂತೂ ಅದನ್ನು ಎದ್ದ ಮೇಲೆ ಓದುತ್ತಾರೆ, ಇಪ್ಪತ್ನಾಲ್ಕನ್ನು ಎಲ್ಲಿಂದ ಎಣಿಸಬೇಕು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ನೆನಪಿಸುವ ಮೆಸೇಜ್‌ಗೂ ಹೊಸದೇನೂ ಬರೆಯುವುದಿಲ್ಲ. ಅದೇ ಪಟ್ಟಿ, ಅದೇ ತಾರೀಖು, ಒಂದಕ್ಷರ ಬದಲಿಸದೆ, ಮತ್ತೊಮ್ಮೆ ಕಳಿಸುತ್ತೇವೆ.